ಗುಡ್ಡದ ಬುಡ ಕಡಿಯುವ ಮುನ್ನ

ದಾವಣಗೆರೆ-ಹರಿಹರದವರಾದ ನಮಗೆ ಗುಡ್ಡ ಕುಸಿತವೆಂದರೆ ಟಿ.ವಿ.ಯಲ್ಲಿ ನೋಡುವ ಸುದ್ದಿ. ನಮ್ಮದು ಬಯಲು ನಾಡು. ವರ್ಷವಿಡೀ ಸುರಿದರೂ ಇಲ್ಲಿ ಬೀಳುವ ಮಳೆ ಸುಮಾರು 600-650 ಮಿಲಿಮೀಟರ್ ಮಾತ್ರ. ಆದರೆ ಕರೂರು ಕೈಗಾರಿಕಾ ಪ್ರದೇಶದ ಕಡೆ ಒಮ್ಮೆ ಹೋಗಿ ನೋಡಿ. ಅಲ್ಲಿ ಲೋಡ್ ತುಂಬಿಕೊಂಡು ನಿಂತ ಲಾರಿಗಳಲ್ಲಿ ಕೆಲವು ಕರಾವಳಿಗೆ ಹೊರಟಿರುತ್ತವೆ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ. ಶಿವಮೊಗ್ಗದ ಕಡೆಯಿಂದ ಹೋದರೆ ಆಗುಂಬೆ ಅಥವಾ ಬಾಳೆಬರೆ ಘಟ್ಟ. ಆ ಲಾರಿಗಳ ಸ್ಟೇರಿಂಗ್ ಹಿಡಿದವರು ನಮ್ಮ ಮನೆಗಳ ಗಂಡಸರು, ನಮ್ಮ ಓಣಿಯ ಹುಡುಗರು. ಮಳೆಗಾಲದ ರಾತ್ರಿ ಅವರ ಫೋನು ನಾಟ್ ರೀಚೆಬಲ್ ಆದಾಗ ತಾಯಂದಿರು ತಸ್ಬೀಹ್ ಹಿಡಿದು ಬಾಗಿಲ ಬಳಿಯೇ ಕೂತಿರುತ್ತಾರೆ. ಹಾಗಾಗಿ ಗುಡ್ಡ ಏಕೆ ಕುಸಿಯುತ್ತದೆ, ರಸ್ತೆಗಾಗಿ ಅದನ್ನು ಕಡಿಯುವ ಮೊದಲು ಏನನ್ನು ನೋಡಬೇಕಿತ್ತು ಎಂಬುದು ನಾವೂ ತಿಳಿದಿರಬೇಕಾದ ವಿಷಯ.

ಆ ಮಂಗಳವಾರದ ಬೆಳಗ್ಗೆ

2024ರ ಜುಲೈ 16, ಮಂಗಳವಾರ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರು. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಎತ್ತರದ ಗುಡ್ಡ, ಇನ್ನೊಂದು ಬದಿಗೆ ತುಂಬಿ ಹರಿಯುವ ಗಂಗಾವಳಿ ನದಿ. ನಡುವೆ ಹೆದ್ದಾರಿ. ರಸ್ತೆ ಬದಿಯಲ್ಲಿ ಒಂದು ಚಹಾದಂಗಡಿ. ದೂರದ ಊರುಗಳ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಚಾಲಕರು ಚಹಾ ಕುಡಿದು, ತುಸು ಹೊತ್ತು ವಿಶ್ರಾಂತಿ ಪಡೆದು ಮುಂದೆ ಹೋಗುತ್ತಿದ್ದರು.

ಹಲವು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ಬೆಳಗ್ಗೆ ಎಂಟು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಗುಡ್ಡ ಜಾರಿತು. ಮಣ್ಣು, ಬಂಡೆ, ಮರಗಳ ರಾಶಿ ಹೆದ್ದಾರಿಯನ್ನು ಮುಚ್ಚಿ ನದಿಗೆ ಇಳಿಯಿತು. ಚಹಾದಂಗಡಿ ಮತ್ತು ಅದನ್ನು ನಡೆಸುತ್ತಿದ್ದ ಕುಟುಂಬ ಕೊಚ್ಚಿಹೋಯಿತು. ಗ್ಯಾಸ್ ಟ್ಯಾಂಕರೊಂದು ನದಿ ಪಾಲಾಯಿತು. ಮರದ ದಿಮ್ಮಿ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೊಂದು ಚಾಲಕನ ಸಮೇತ ಕಾಣೆಯಾಯಿತು. ಅಷ್ಟೂ ಮಣ್ಣು ಒಮ್ಮೆಲೇ ನದಿಗೆ ಬಿದ್ದಾಗ ನೀರು ಅಲೆಯಾಗಿ ಎದ್ದು ಆಚೆ ದಡದ ಉಳುವರೆ ಗ್ರಾಮಕ್ಕೆ ಅಪ್ಪಳಿಸಿತು. ಗುಡ್ಡದಿಂದ ದೂರ, ನದಿಯಾಚೆ, ತನ್ನ ಮನೆಯಲ್ಲೇ ಇದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು.

ಒಟ್ಟು 11 ಮಂದಿಯನ್ನು ಆ ದಿನ ಬಲಿ ತೆಗೆದುಕೊಂಡಿತು. ಕೇರಳದ ಆ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, 71 ದಿನಗಳ ಬಳಿಕ. ಚಾಲಕನ ದೇಹ ಕ್ಯಾಬಿನ್‌ನಲ್ಲೇ ಇತ್ತು.

ಎಲ್ಲರೂ ಮಳೆಯನ್ನು ದೂರಿದರು. ಆದರೆ ಸ್ಥಳಕ್ಕೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ, ಅಂದರೆ ಜಿ.ಎಸ್.ಐ.ಯ ತಜ್ಞರು ಮಳೆಯ ಜೊತೆಗೆ ಇನ್ನೊಂದು ಕಾರಣವನ್ನೂ ಹೇಳಿದರು. ಹೆದ್ದಾರಿಗಾಗಿ ಗುಡ್ಡದ ಬುಡವನ್ನು ಕಡಿದ ರೀತಿಯೇ ಆ ಕಾರಣ. ಮಳೆ ಆ ಗುಡ್ಡಕ್ಕೆ ಹೊಸದಲ್ಲ. ಸಾವಿರಾರು ಮಳೆಗಾಲಗಳನ್ನು ಅದು ಕಂಡಿತ್ತು. ಹೊಸದಾಗಿದ್ದುದು ಬುಡದ ಕಡಿತ.

ಗುಡ್ಡದ ಒಳಗೆ ಏನಿದೆ?

ಗುಡ್ಡವೆಂದರೆ ಒಂದೇ ಅಖಂಡ ಬಂಡೆ ಎಂದು ನೀವು ಭಾವಿಸಿರಬಹುದು. ಕರಾವಳಿಯ ಗುಡ್ಡಗಳು ಹಾಗಿಲ್ಲ. ಸಾಮಾನ್ಯವಾಗಿ ಮೇಲ್ಗಡೆ ಕೆಂಪು ಮಣ್ಣು ಮತ್ತು ಮನೆ ಕಟ್ಟಲು ಬಳಸುವ ಕೆಂಪು ಚಿರೆಕಲ್ಲಿನ ಪದರ. ಅದರ ಕೆಳಗೆ ಬಿಳಿ, ಹಳದಿ ಇಲ್ಲವೇ ನಸುಗೆಂಪು ಬಣ್ಣದ ನುಣುಪಾದ ಮಣ್ಣು. ಕರಾವಳಿಯವರು ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಅದರ ಕೆಳಗೆ ಅರ್ಧ ಕರಗಿದ, ಬಿರುಕು ಬಿಟ್ಟ ಬಂಡೆ. ಎಲ್ಲಕ್ಕಿಂತ ಕೆಳಗೆ ಗಟ್ಟಿ ಬಂಡೆ.

ಈ ಪದರಗಳಲ್ಲಿ ಶೇಡಿ ಮಣ್ಣೇ ಮೋಸಗಾರ. ಬೇಸಿಗೆಯಲ್ಲಿ ಅದನ್ನು ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುತ್ತದೆ. ನೋಡಿದವರು ಗಟ್ಟಿ ಎಂದೇ ನಂಬುತ್ತಾರೆ. ನೀರು ಕುಡಿದಾಗ ಅದೇ ಮಣ್ಣು ಚಪಾತಿ ಹಿಟ್ಟಿಗೆ ನೀರು ಹೆಚ್ಚಾದಂತೆ ಸಡಿಲವಾಗುತ್ತದೆ. ಮೇಲಿನ ಚಿರೆಕಲ್ಲಿನಲ್ಲಿ ತೂತುಗಳಿರುವುದರಿಂದ ಮಳೆನೀರು ಸರಾಗವಾಗಿ ಒಳಗಿಳಿಯುತ್ತದೆ. ಶೇಡಿ ಮಣ್ಣಿಗೆ ಬಂದಾಗ ಮುಂದೆ ಇಳಿಯಲು ಕಷ್ಟಪಟ್ಟು ಅಲ್ಲೇ ತಂಗುತ್ತದೆ. ಎಲ್ಲಿ ನೀರು ನಿಲ್ಲಬಾರದೋ ಅಲ್ಲೇ ನಿಲ್ಲುತ್ತದೆ.

ನೀರು ಮಾಡುವ ಎರಡು ಕೆಲಸ

ನೀರು ಗುಡ್ಡಕ್ಕೆ ಮಾಡುವ ಮೊದಲ ಕೆಲಸ ಭಾರ ಹೆಚ್ಚಿಸುವುದು. ಒಂದು ಎಕರೆ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ ಐದು ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ 80 ಟ್ಯಾಂಕರ್! ಇದರಲ್ಲಿ ಒಂದಷ್ಟು ಹರಿದು ಹೋಗುತ್ತದೆ, ಒಂದಷ್ಟು ಮಣ್ಣಿನೊಳಗೆ ಸೇರುತ್ತದೆ.

ಎರಡನೆಯ ಕೆಲಸ ಇದಕ್ಕಿಂತ ಅಪಾಯಕಾರಿ. ಇಳಿಜಾರಿನ ಮೇಲೆ ಮಣ್ಣು ಜಾರದೆ ನಿಂತಿರುವುದು ಕಣಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ. ಆ ಒತ್ತುವಿಕೆಯಿಂದ ಘರ್ಷಣೆ ಹುಟ್ಟುತ್ತದೆ, ಘರ್ಷಣೆಯೇ ಹಿಡಿತ. ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆ ನೀರೂ ಒತ್ತಡ ಹಾಕಿ ಕಣಗಳನ್ನು ದೂರ ತಳ್ಳುತ್ತದೆ. ಮೇಲಿನ ಭಾರದ ಒಂದು ಪಾಲನ್ನು ನೀರೇ ಹೊರುತ್ತದೆ. ಕಣಗಳು ಒತ್ತುವುದು ಕಡಿಮೆಯಾದಷ್ಟೂ ಹಿಡಿತ ಸಡಿಲವಾಗುತ್ತದೆ. ನೆಲದೊಳಗಿನ ನೀರು ಇಳಿಜಾರಿನ ಮೇಲ್ಮೈವರೆಗೂ ಏರಿದರೆ ಘರ್ಷಣೆಯ ಹಿಡಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು.

ಹಾಗಾದರೆ ಒಂದು ದಿನ ಜೋರು ಮಳೆ ಬಂದ ಕೂಡಲೇ ಗುಡ್ಡ ಬೀಳುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಮೊದಲು ಹಲವು ದಿನಗಳ ಮಳೆ ಗುಡ್ಡವನ್ನು ತುಂಬಿಸುತ್ತದೆ. ಆಮೇಲೆ ಬರುವ ಒಂದು ಜೋರು ಮಳೆ ಕೊನೆಯ ತಳ್ಳು ಕೊಡುತ್ತದೆ. ನೀರು ಆಳಕ್ಕೆ ಇಳಿಯಲು ಸಮಯ ಬೇಕಾದುದರಿಂದ ಕೆಲವೊಮ್ಮೆ ಮಳೆ ನಿಂತು ಬಿಸಿಲು ಬಂದ ಮೇಲೂ ಗುಡ್ಡ ಕುಸಿಯುತ್ತದೆ. "ಮಳೆ ನಿಂತಿತಲ್ಲ, ಇನ್ನು ಭಯವಿಲ್ಲ" ಎನ್ನುವ ಮಾತು ಇಲ್ಲಿ ಸಲ್ಲದು.

ಅಕ್ಕಿ ರಾಶಿಯ ಪಾಠ

ಇನ್ನು ಬುಡ ಕಡಿಯುವ ವಿಷಯ. ಮೊರದಲ್ಲಿ ಅಕ್ಕಿಯನ್ನು ರಾಶಿ ಹಾಕಿ. ಅದು ಒಂದು ಇಳಿಜಾರಿಗೆ ಬಂದು ನಿಲ್ಲುತ್ತದೆ. ಈಗ ರಾಶಿಯ ಬುಡದಿಂದ ಒಂದು ಹಿಡಿ ಅಕ್ಕಿ ತೆಗೆಯಿರಿ. ತೆಗೆದದ್ದು ಕೆಳಗಿನಿಂದ, ಆದರೆ ಜಾರುವುದು ಮೇಲಿನಿಂದ! ಬುಡದಲ್ಲಿದ್ದ ಅಕ್ಕಿ ಮೇಲಿನದನ್ನು ತಡೆದು ಹಿಡಿದಿತ್ತು.

ಗುಡ್ಡವೂ ಹೀಗೆಯೇ. ವ್ಯತ್ಯಾಸವೇನೆಂದರೆ, ಮಣ್ಣಿಗೆ ಘರ್ಷಣೆಯ ಜೊತೆಗೆ ತುಸು ಅಂಟೂ ಇದೆ. ಆದ್ದರಿಂದ ಬುಡ ಕಡಿದ ಕೂಡಲೇ ಅದು ಬೀಳುವುದಿಲ್ಲ. ಒಂದು ವರ್ಷ, ಎರಡು ವರ್ಷ, ಕೆಲವೊಮ್ಮೆ ಐದಾರು ವರ್ಷ ನಿಂತೇ ಇರುತ್ತದೆ. ಕೆಲಸ ಮುಗಿದು ವಾಹನಗಳು ಓಡಾಡತೊಡಗುತ್ತವೆ. "ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ" ಎಂಬ ಧೈರ್ಯ ಎಲ್ಲರಿಗೂ ಬರುತ್ತದೆ. ಆದರೆ ಕಡಿದ ಮುಖ ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ನೆನೆಯುತ್ತದೆ. ಪ್ರತಿ ವರ್ಷ ಅಂಟು ಒಂದಿಷ್ಟು ಕಳೆಯುತ್ತದೆ. ಕೊನೆಗೊಂದು ಮಳೆಗಾಲ ಲೆಕ್ಕ ಚುಕ್ತಾ ಆಗುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಾಲು ಸಾಲಾಗಿ ಗುಡ್ಡಗಳು ಜಾರಿದಾಗಲೂ ತಜ್ಞರು ಕಂಡದ್ದು ಇದನ್ನೇ. ಕುಸಿತಗಳಲ್ಲಿ ಬಹುಪಾಲು ರಸ್ತೆಗೋ ಮನೆಗೋ ಇಳಿಜಾರನ್ನು ಕಡಿದು ಮಾರ್ಪಡಿಸಿದ ಕಡೆಗಳಲ್ಲೇ ಆಗಿದ್ದವು.

ಕಡಿಯುವ ಮೊದಲು ಏನು ನೋಡಬೇಕು?

ಮಗಳಿಗೆ ಗಂಡು ನೋಡುವಾಗ ನಾವು ಹುಡುಗನ ಮುಖ ಮಾತ್ರ ನೋಡುತ್ತೇವೆಯೇ? ಮನೆತನ ವಿಚಾರಿಸುತ್ತೇವೆ, ನೆರೆಯವರನ್ನು ಕೇಳುತ್ತೇವೆ. ಭೂವಿಜ್ಞಾನಿಯೂ ಮೊದಲು ಗುಡ್ಡದ ಹಳೆಯ ಚರಿತ್ರೆ ಕೇಳುತ್ತಾನೆ. ಹಳೆಯ ನಕ್ಷೆ, ಉಪಗ್ರಹ ಚಿತ್ರಗಳಲ್ಲಿ ಹಿಂದೆ ಜಾರಿದ ಗುರುತುಗಳನ್ನು ಹುಡುಕುತ್ತಾನೆ. ಒಮ್ಮೆ ಜಾರಿದ ಜಾಗ ಮತ್ತೆ ಜಾರುವ ಸಾಧ್ಯತೆ ಹೆಚ್ಚು. ಗುಡ್ಡ ಹತ್ತಿ ಮರಗಳನ್ನು ನೋಡುತ್ತಾನೆ. ಬುಡದಲ್ಲಿ ಬಾಗಿ ಮತ್ತೆ ಮೇಲಕ್ಕೆ ನೆಟ್ಟಗಾದ ಮರಗಳಿದ್ದರೆ ಅಲ್ಲಿನ ಮಣ್ಣು ವರ್ಷಗಳಿಂದ ನಿಧಾನವಾಗಿ ತೆವಳುತ್ತಿದೆ ಎಂದು ಅರ್ಥ. ಊರಿನ ಹಿರಿಯರನ್ನು, ಸೌದೆಗೆ ಹೋಗುವ ಹೆಂಗಸರನ್ನು ಕೇಳಿದರೆ ಎಲ್ಲಿ ಒರತೆ ಏಳುತ್ತದೆ, ಎಲ್ಲಿ ನೆಲ ಬಿರುಕು ಬಿಟ್ಟಿತ್ತು ಎಂಬುದು ಯಾವ ನಕ್ಷೆಯಲ್ಲೂ ಇಲ್ಲದಷ್ಟು ವಿವರವಾಗಿ ತಿಳಿಯುತ್ತದೆ.

ಎರಡನೆಯದು ಮಣ್ಣಿನ ಪರೀಕ್ಷೆ. ಕೊಳವೆಬಾವಿಯಂತೆ ಆದರೆ ಕಿರಿದಾಗಿ, ಗುಡ್ಡದ ಮೇಲೆ, ನಡುವೆ, ಬುಡದಲ್ಲಿ ರಂಧ್ರ ಕೊರೆಯುತ್ತಾರೆ. ಯಾವ ಪದರ ಎಷ್ಟು ದಪ್ಪವಿದೆ, ಗಟ್ಟಿ ಬಂಡೆ ಎಷ್ಟು ಆಳದಲ್ಲಿದೆ ಎಂದು ಇದರಿಂದ ತಿಳಿಯುತ್ತದೆ. ಮಣ್ಣಿನ ಗಟ್ಟಿತನ ಅಳೆಯಲು ಒಂದು ಸರಳ ಉಪಾಯವಿದೆ. 63.5 ಕಿಲೋ ಭಾರದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ ಕೊಳವೆಯೊಂದನ್ನು ಮಣ್ಣಿಗೆ ಇಳಿಸುತ್ತಾರೆ. ಮೊದಲ 15 ಸೆಂಟಿಮೀಟರ್ ಬಿಟ್ಟು, ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಹತ್ತಕ್ಕಿಂತ ಕಡಿಮೆ ಪೆಟ್ಟಿಗೆ ಇಳಿದರೆ ಮಣ್ಣು ಸಡಿಲ. ಐವತ್ತು ಪೆಟ್ಟಾದರೂ ಇಳಿಯದಿದ್ದರೆ ಬಲು ಗಟ್ಟಿ. ನಂತರ ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ದು ಅದರ ಅಂಟು ಮತ್ತು ಘರ್ಷಣೆಯನ್ನು ಅಳೆಯುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಬೇಸಿಗೆಯಲ್ಲಿ ತೆಗೆದ ಒಣ ಮಣ್ಣನ್ನು ಒಣಗಿದಂತೆಯೇ ಪರೀಕ್ಷಿಸಿದರೆ ಶೇಡಿ ಮಣ್ಣೂ ಪಾಸಾಗಿಬಿಡುತ್ತದೆ. ಅದನ್ನು ಪೂರ್ತಿ ನೆನೆಸಿಯೇ ಪರೀಕ್ಷಿಸಬೇಕು.

ಮೂರನೆಯದು ಬಂಡೆಯ ಬಿರುಕುಗಳ ದಿಕ್ಕು. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ನಿಮ್ಮ ಕಡೆಗೆ ವಾಲಿಸಿ. ನಿಮ್ಮ ಮಡಿಲಿಗೇ ಜಾರುತ್ತವೆ. ಆಚೆಗೆ ವಾಲಿಸಿದರೆ ನಿಮಗೆ ಅಪಾಯವಿಲ್ಲ. ಬಂಡೆಯ ಪದರ, ಬಿರುಕುಗಳೂ ಹೀಗೆಯೇ. ಅವು ರಸ್ತೆಯ ಕಡೆಗೆ ಇಳಿಜಾರಾಗಿದ್ದು, ಬುಡ ಕಡಿದಾಗ ಅವುಗಳ ಕೆಳ ಅಂಚು ಬಯಲಿಗೆ ಬಂದರೆ, ಮೇಲಿನ ಬಂಡೆಗೆ ಆಧಾರವೇ ಇಲ್ಲದಂತಾಗುತ್ತದೆ. ಭೂವಿಜ್ಞಾನಿ ದಿಕ್ಸೂಚಿ ಹಿಡಿದು ಇಂಥ ನೂರಾರು ಬಿರುಕುಗಳ ಓರೆ ಮತ್ತು ದಿಕ್ಕನ್ನು ಬರೆದುಕೊಳ್ಳುತ್ತಾನೆ. ಕೆಲವೊಮ್ಮೆ ರಸ್ತೆಯನ್ನು ಕಣಿವೆಯ ಆಚೆ ಬದಿಗೆ ಒಯ್ದರೆ ಅದೇ ಬಂಡೆ ಸುರಕ್ಷಿತವಾಗುವುದೂ ಉಂಟು.

ನಾಲ್ಕನೆಯದು ನೀರು. ಕೊರೆದ ರಂಧ್ರಗಳಲ್ಲಿ ಕೊಳವೆ ಇಳಿಸಿ ಒಳಗಿನ ನೀರಿನ ಮಟ್ಟವನ್ನು ಕನಿಷ್ಠ ಒಂದು ಮಳೆಗಾಲವಾದರೂ ಅಳೆಯಬೇಕು. ಅವಸರದ ಕೆಲಸದಲ್ಲಿ ಮೊದಲು ತಪ್ಪಿಹೋಗುವುದು ಇದೇ. ಸಮೀಕ್ಷೆ ಬೇಸಿಗೆಯಲ್ಲಿ ನಡೆದುಬಿಡುತ್ತದೆ, ಆಗ ಗುಡ್ಡ ಒಣಗಿರುತ್ತದೆ.

ಜಮಾ-ಖರ್ಚಿನ ಲೆಕ್ಕ

ಇಷ್ಟೆಲ್ಲ ನೋಡಿದ ಮೇಲೆ ಕೊನೆಗೆ ಒಂದು ಲೆಕ್ಕ. ಅದು ನಮ್ಮ ಮನೆಯ ಜಮಾ-ಖರ್ಚಿನಂತೆಯೇ. ಗುಡ್ಡವನ್ನು ಹಿಡಿದಿರುವ ಬಲ ಜಮಾ. ಕೆಳಕ್ಕೆ ಎಳೆಯುವ ಬಲ ಖರ್ಚು. ಜಮಾವನ್ನು ಖರ್ಚಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸುರಕ್ಷತಾ ಅಂಕ ಎನ್ನೋಣ. ಅದು 1 ಇದ್ದರೆ ಗುಡ್ಡ ಬೀಳುವ ಅಂಚಿನಲ್ಲಿದೆ. ರಸ್ತೆ ಬದಿಯ ಇಳಿಜಾರಿಗೆ ಸಾಮಾನ್ಯವಾಗಿ 1.3ರಿಂದ 1.5 ಇರಬೇಕೆಂದು ನೋಡುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ತಿಳಿಯಲಿಕ್ಕೆ ಮಾತ್ರ. ಒಂದು ಇಳಿಜಾರಿನಲ್ಲಿ ಘರ್ಷಣೆಯ ಹಿಡಿತ 80, ಅಂಟಿನ ಹಿಡಿತ 70. ಒಟ್ಟು ಜಮಾ 150. ಕೆಳಕ್ಕೆ ಎಳೆಯುವ ಬಲ 100. ಬೇಸಿಗೆಯಲ್ಲಿ ಸುರಕ್ಷತಾ ಅಂಕ 1.5, ಚಿಂತೆಯಿಲ್ಲ. ಈಗ ಮಳೆ ಹಿಡಿಯಿತು. ಘರ್ಷಣೆ ಅರ್ಧವಾಗಿ 40ಕ್ಕೆ ಇಳಿಯಿತು. ನೆನೆದ ಮಣ್ಣಿನ ಅಂಟು 50ಕ್ಕೆ ಬಂತು. ಜಮಾ 90. ನೀರಿನ ಭಾರ ಸೇರಿ ಖರ್ಚು 105. ಅಂಕ 0.86. ಗುಡ್ಡ ನಿಲ್ಲಲಾರದು. ಬೇಸಿಗೆಯ ಲೆಕ್ಕ ಸುಳ್ಳಾಗಿರಲಿಲ್ಲ. ಅದು ಬೇಸಿಗೆಗೆ ಮಾತ್ರ ಸರಿಯಾಗಿತ್ತು ಅಷ್ಟೆ.

ಮೆಟ್ಟಿಲು ಏಕೆ ಬೇಕು?

ಲೆಕ್ಕದಲ್ಲಿ ಅಂಕ ಸಾಲದಿದ್ದರೆ ದಾರಿಗಳಿವೆ. ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿಯದೆ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಪ್ರತಿ ಮೆಟ್ಟಿಲೂ ಮೇಲಿನಿಂದ ಬಿದ್ದ ಮಣ್ಣನ್ನು ತಡೆಯುತ್ತದೆ, ನೀರಿನ ಓಟವನ್ನು ತಗ್ಗಿಸುತ್ತದೆ. ಗುಡ್ಡದ ನೆತ್ತಿಯಲ್ಲಿ ಕಾಲುವೆ ತೆಗೆದು ಮೇಲಿನ ನೀರು ಕಡಿದ ಮುಖಕ್ಕೆ ಬಾರದಂತೆ ಪಕ್ಕಕ್ಕೆ ತಿರುಗಿಸಬೇಕು. ಬುಡದಲ್ಲಿ ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬರಲು ಕಿಂಡಿಗಳಿರಬೇಕು. ಕಿಂಡಿ ಮುಚ್ಚಿದ ಗೋಡೆಯ ಹಿಂದೆ ನೀರು ಸೇರಿ ಗೋಡೆಯನ್ನೇ ತಳ್ಳಿಬಿಡುತ್ತದೆ.

ಇದೆಲ್ಲ ಎಂಜಿನಿಯರುಗಳಿಗೆ ಗೊತ್ತಿಲ್ಲವೇ? ಗೊತ್ತಿದೆ. ತೊಡಕಿರುವುದು ಜಾಗದಲ್ಲಿ. 30 ಮೀಟರ್ ಎತ್ತರದ ಕಡಿತವನ್ನು ಆರಾರು ಮೀಟರಿನ ಐದು ಹಂತಗಳಾಗಿ, 45 ಡಿಗ್ರಿ ಓರೆಯಲ್ಲಿ, ಹಂತಗಳ ನಡುವೆ ಮೂರು ಮೀಟರ್ ಅಗಲದ ಮೆಟ್ಟಿಲು ಬಿಟ್ಟು ಮಾಡಿದರೆ, ರಸ್ತೆಯಂಚಿನಿಂದ ಒಳಕ್ಕೆ 42 ಮೀಟರ್ ಜಾಗ ಬೇಕು. ಅದನ್ನೇ ಗೋಡೆಯಂತೆ ಕಡಿದರೆ ಏಳೆಂಟು ಮೀಟರ್ ಸಾಕು. ಒಂದು ಕಿಲೋಮೀಟರ್ ರಸ್ತೆಗೆ ಮೊದಲನೆಯದಕ್ಕೆ ಹತ್ತು ಎಕರೆ, ಎರಡನೆಯದಕ್ಕೆ ಎರಡು ಎಕರೆಗೂ ಕಡಿಮೆ. ಭೂಸ್ವಾಧೀನ, ಪರಿಹಾರ, ಅರಣ್ಯ ಇಲಾಖೆಯ ಅನುಮತಿ, ಸಾಗಿಸಬೇಕಾದ ಮಣ್ಣು ಎಲ್ಲವೂ ಆ ಎಂಟು ಎಕರೆಗೆ ಅಂಟಿಕೊಂಡಿವೆ. ಆ ಖರ್ಚು ಉಳಿಸಿದವರು ಬೇರೆ, ಅದನ್ನು ಜೀವದಿಂದ ತೆತ್ತವರು ಬೇರೆ. ಜಾಗ ಸಿಗದಿದ್ದರೆ ಸುರಂಗ, ಮೇಲ್ಸೇತುವೆ ಅಥವಾ ಬೇರೆ ದಾರಿ ನೋಡಬೇಕು. ಅದನ್ನು ಹೇಳಬೇಕಾದದ್ದು ಭೂವಿಜ್ಞಾನಿ, ಹೇಳಬೇಕಾದ ಸಮಯ ರಸ್ತೆಯ ಗೆರೆ ಎಳೆಯುವ ಮೊದಲು. ಗುಡ್ಡ ಬಿದ್ದ ಮೇಲೆ ಕರೆಸಿದರೆ ಅವರು ವರದಿ ಬರೆಯಬಲ್ಲರು ಅಷ್ಟೆ.

ಶಿರೂರು ದುರಂತ ನಡೆದ ಮೂರೇ ದಿನಗಳಲ್ಲಿ, 2024ರ ಜುಲೈ 19ರಂದು, ಕೋಲ್ಕತ್ತಾದಲ್ಲಿ ಜಿ.ಎಸ್.ಐ.ಯ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಯಿತು. ದೇಶದ ಗುಡ್ಡ ಪ್ರದೇಶಗಳ ಭೂಕುಸಿತ ಸಾಧ್ಯತೆಯ ನಕ್ಷೆಯನ್ನೂ ಜಿ.ಎಸ್.ಐ. ತಯಾರಿಸಿದೆ. ಆದರೆ ಆ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಯಾವ ಪ್ರದೇಶ ಅಪಾಯದ್ದು ಎಂದು ಅದು ಹೇಳಬಲ್ಲದು. ಯಾವ ತಿರುವಿನ ಯಾವ ಕಡಿತ, ಯಾವ ಗಂಟೆಗೆ ಬೀಳುತ್ತದೆ ಎಂದು ಹೇಳಲಾರದು. ಅದಕ್ಕೆ ಆಯಾ ಗುಡ್ಡವನ್ನೇ ಹತ್ತಿ ನೋಡಬೇಕು.

ನಾವು ಗಮನಿಸಬೇಕಾದದ್ದು

ಕುಸಿಯುವ ಮೊದಲು ಗುಡ್ಡ ಹಲವು ಬಾರಿ ಸುಳಿವು ಕೊಡುತ್ತದೆ. ನೆತ್ತಿಯಲ್ಲಿ ಕಮಾನಿನಾಕಾರದ ಬಿರುಕು ಮೂಡುತ್ತದೆ. ನೆಟ್ಟಗಿದ್ದ ಮರ, ವಿದ್ಯುತ್ ಕಂಬ ವಾಲುತ್ತದೆ. ತಡೆಗೋಡೆ ಉಬ್ಬುತ್ತದೆ. ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಸಣ್ಣ ಕಲ್ಲುಗಳು ಆಗಾಗ ಉದುರುತ್ತವೆ. ಮಲೆನಾಡು, ಕರಾವಳಿಯಲ್ಲಿರುವ ನಿಮ್ಮ ನೆಂಟರ ಮನೆಯ ಹಿಂದಿನ ಧರೆಯಲ್ಲಿ ಇವು ಕಂಡರೆ ಕಾಯದೆ ಮನೆ ಬಿಟ್ಟು ಹೊರಬರಲು ಹೇಳಿ. ಜಿಲ್ಲಾ ವಿಪತ್ತು ನಿರ್ವಹಣೆಯ 1077 ಇಲ್ಲವೇ ತುರ್ತು ಸಂಖ್ಯೆ 112ಕ್ಕೆ ತಿಳಿಸಬೇಕು.

ಲಾರಿ ಓಡಿಸುವ ಪತಿಗೆ, ಮಗನಿಗೆ, ತಮ್ಮನಿಗೆ ಹೇಳಬೇಕಾದ ಮಾತು ಇನ್ನೂ ಸರಳ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಲಾರಿ ನಿಲ್ಲಿಸಬೇಡ. ಅಲ್ಲಿ ಜಾಗ ಅಗಲವಾಗಿದೆ, ಚಹಾ ಸಿಗುತ್ತದೆ, ನಾಲ್ಕು ಲಾರಿಗಳು ಆಗಲೇ ನಿಂತಿವೆ ಎಂಬುದು ಸುರಕ್ಷತೆಯ ಗುರುತಲ್ಲ. ರಸ್ತೆಯ ಮೇಲೆ ಹೊಸ ಮಣ್ಣು, ಕೆಂಪು ನೀರು ಕಂಡರೆ ಹಿಂದೆಯೇ ನಿಲ್ಲು. ನಿದ್ದೆ ಬಂದರೆ ಘಟ್ಟ ಇಳಿಯುವ ಮೊದಲೇ ಊರೊಳಗಿನ ಪೆಟ್ರೋಲ್ ಬಂಕಿನಲ್ಲಿ ಮಲಗು. ಗುಡ್ಡದ ಬುಡದಲ್ಲಿ ಕಳೆಯುವ ಸಮಯ ಎಷ್ಟು ಕಡಿಮೆಯೋ ಅಪಾಯವೂ ಅಷ್ಟು ಕಡಿಮೆ.

ಶಿರೂರಿನ ಆ ಚಹಾದಂಗಡಿಯ ಬಳಿ ನಿಂತವರು ಯಾರೂ ದುಡುಕಿನವರಾಗಿರಲಿಲ್ಲ. ದಿನವೂ ನಿಲ್ಲುತ್ತಿದ್ದ ಜಾಗದಲ್ಲೇ ಅಂದೂ ನಿಂತಿದ್ದರು. ಮುಂದಿನ ಬಾರಿ ಕರಾವಳಿಗೆ ಹೊರಟವರು ಫೋನ್ ಮಾಡಿದಾಗ "ಊಟ ಆಯಿತಾ?" ಎಂದು ಕೇಳುವ ಜೊತೆಗೆ "ಗಾಡಿ ಎಲ್ಲಿ ನಿಲ್ಲಿಸಿದ್ದೀ?" ಎಂದೂ ಕೇಳಿ.